ಶ್ರೇಯಸ್ಸು ಮತ್ತು ಪ್ರೇಯಸ್ಸು: ಯಮ-ನಚಿಕೇತ ಸಂವಾದದ ಒಂದು ಪರಿಶೀಲನೆ

ಕೃಷ್ಣಯಜುರ್ವೇದದ ಕಠಶಾಖೆಗೆ ಸೇರಿದ ಕಠೋಪನಿಷತ್ತಿನಲ್ಲಿ ಮೃತ್ಯುದೇವತೆಯೇ ಆಚಾರ್ಯ, ಬಾಲಕನೊಬ್ಬನು ಶಿಷ್ಯ. ಶ್ರೇಯಸ್ಸು ಬೇರೆ, ಪ್ರೇಯಸ್ಸು ಬೇರೆ ಎಂಬ ಇಲ್ಲಿಯ ಉಪದೇಶವು ಉಪನ್ಯಾಸಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ಆದರೆ ಅದನ್ನು 'ಪುಣ್ಯವನ್ನು ಹಿಡಿ, ಪಾಪವನ್ನು ಬಿಡು' ಎಂಬ ಸಾಮಾನ್ಯ ನೀತಿಯಾಗಿ ಅರ್ಥೈಸುವ ರೂಢಿ ಬೆಳೆದಿದೆ. ಮಂತ್ರಗಳನ್ನು ಕ್ರಮವಾಗಿ ಓದಿದವರಿಗೆ ಉಪನಿಷತ್ತು ಹೇಳುವುದು ಅದಕ್ಕಿಂತ ಸೂಕ್ಷ್ಮವಾದ, ಅದಕ್ಕಿಂತ ಕಠಿನವಾದ ಮಾತೆಂಬುದು ತಿಳಿಯದೆ ಇರದು.

ಮೊದಲು ಮಂತ್ರಗಳ ಸ್ಥಾನನಿರ್ದೇಶದ ವಿಷಯ. ಕಠೋಪನಿಷತ್ತಿನಲ್ಲಿ ಎರಡು ಅಧ್ಯಾಯಗಳು, ಪ್ರತಿ ಅಧ್ಯಾಯದಲ್ಲಿ ಮೂರು ವಲ್ಲಿಗಳು. ಕೆಲವು ಮುದ್ರಣಗಳು ಅಧ್ಯಾಯ, ವಲ್ಲಿ, ಮಂತ್ರ ಎಂಬ ಮೂರು ಅಂಕಿಗಳನ್ನು ಕೊಡುತ್ತವೆ. ಮತ್ತೆ ಕೆಲವು ಆರು ವಲ್ಲಿಗಳನ್ನು ಒಂದೇ ಸಾಲಾಗಿ ಎಣಿಸಿ ಎರಡೇ ಅಂಕಿಗಳನ್ನು ಕೊಡುತ್ತವೆ. ಆದುದರಿಂದ ಒಂದು ಗ್ರಂಥದಲ್ಲಿ 1.2.1 ಎಂದಿರುವ ಮಂತ್ರವೇ ಇನ್ನೊಂದರಲ್ಲಿ 2.1 ಎಂದಿರುತ್ತದೆ. ಇದನ್ನು ಗಮನಿಸದೆ ಹುಡುಕುವ ವಿದ್ಯಾರ್ಥಿಯು ಶ್ರೇಯಸ್ಸಿನ ಮಂತ್ರಕ್ಕೆ ಬದಲಾಗಿ, ಇಂದ್ರಿಯಗಳು ಹೊರಮುಖವಾದುದನ್ನು ಹೇಳುವ 2.1.1ನೆಯ ಮಂತ್ರಕ್ಕೆ ಹೋಗಿ ನಿಲ್ಲುವುದುಂಟು. ಇಲ್ಲಿ ಮೂರಂಕಿಯ ಕ್ರಮವನ್ನೇ ಅನುಸರಿಸಿದೆ.

ಕಥೆಯ ಆರಂಭವೇ ಉಪದೇಶಕ್ಕೆ ಪೀಠಿಕೆಯಾಗಿದೆ. ವಾಜಶ್ರವಸನು ಫಲವನ್ನು ಬಯಸಿ ಸರ್ವಸ್ವವನ್ನೂ ದಾನಮಾಡುವ ಯಜ್ಞವನ್ನು ನಡೆಸುತ್ತಾನೆ (1.1.1). ದಕ್ಷಿಣೆಯ ಗೋವುಗಳು ಸಾಗುತ್ತಿರುವಾಗ ಅವನ ಮಗ ನಚಿಕೇತನಲ್ಲಿ ಶ್ರದ್ಧೆಯು ಪ್ರವೇಶಿಸುತ್ತದೆ (1.1.2). ಕುಡಿಯಬೇಕಾದ ನೀರನ್ನು ಕುಡಿದು, ಮೇಯಬೇಕಾದ ಹುಲ್ಲನ್ನು ಮೇಯ್ದು, ಹಾಲು ಬತ್ತಿ ಸತ್ತ್ವವುಡುಗಿದ ಹಸುಗಳವು, ಅವನ್ನು ಕೊಟ್ಟವನಿಗೆ ಆನಂದವಿಲ್ಲದ ಲೋಕಗಳೇ ಗತಿ ಎಂದು ಬಾಲಕನು ಚಿಂತಿಸುತ್ತಾನೆ (1.1.3). ತಂದೆಯು ಶಾಸ್ತ್ರವನ್ನು ಮೀರಿಲ್ಲ, ಯಜ್ಞವನ್ನು ಬಿಟ್ಟಿಲ್ಲ. ಹೊರನೋಟಕ್ಕೆ ಶ್ರೇಯಸ್ಸಿನಂತೆ ಕಾಣುವ ಕರ್ಮವು ಒಳಗೆ ಲಾಭದ ಲೆಕ್ಕಾಚಾರವಾಗಬಲ್ಲದು ಎಂಬುದನ್ನು ಉಪನಿಷತ್ತು ಹೀಗೆ ಮೊದಲ ಮೂರು ಮಂತ್ರಗಳಲ್ಲಿಯೇ ತೋರಿಸಿಬಿಡುತ್ತದೆ. ತನ್ನನ್ನು ಯಾರಿಗೆ ಕೊಡುವೆಯೆಂದು ಮಗನು ಮೂರು ಬಾರಿ ಕೇಳಲು, ಮೃತ್ಯುವಿಗೆ ಕೊಟ್ಟೆನೆಂದು ತಂದೆಯು ಹೇಳುತ್ತಾನೆ (1.1.4). ಮಗನು ಯಮಸದನಕ್ಕೆ ಹೋಗಿ ಮೂರು ರಾತ್ರಿ ಉಪವಾಸವಿರುತ್ತಾನೆ, ಆ ಮೂರು ರಾತ್ರಿಗಳಿಗೆ ಪ್ರತಿಯಾಗಿ ಯಮನು ಮೂರು ವರಗಳನ್ನು ನೀಡುತ್ತಾನೆ (1.1.9).

ಈ ಕಥೆ ಉಪನಿಷತ್ತಿಗಿಂತ ಮೊದಲೇ ತೈತ್ತಿರೀಯ ಬ್ರಾಹ್ಮಣದಲ್ಲಿ (3.11.8) ಇದೆ. ಅಲ್ಲಿಯೂ ಮೂರು ರಾತ್ರಿ, ಮೂರು ವರ. ಆದರೆ ಮೂರನೆಯ ವರವಾಗಿ ನಚಿಕೇತನು ಪುನರ್ಮೃತ್ಯುವನ್ನು ಗೆಲ್ಲುವ ಬಗೆಯನ್ನು ಕೇಳುತ್ತಾನೆ. ಅದಕ್ಕೂ ನಾಚಿಕೇತಾಗ್ನಿಯೇ ಉತ್ತರ. ಯಮನು ಅಲ್ಲಿ ಆಸೆಯೊಡ್ಡುವುದಿಲ್ಲ, ಶ್ರೇಯಃಪ್ರೇಯಗಳ ವಿಚಾರವೂ ಬರುವುದಿಲ್ಲ. ಉಪನಿಷತ್ತು ಅಗ್ನಿಯನ್ನು ಎರಡನೆಯ ವರಕ್ಕೆ ನಿಲ್ಲಿಸಿ, ಮೂರನೆಯದರ ಸ್ಥಾನದಲ್ಲಿ ಮರಣಾನಂತರದ ಆತ್ಮದ ಪ್ರಶ್ನೆಯನ್ನಿಟ್ಟಿತು. ಆ ಪ್ರಶ್ನೆಗೂ ಉತ್ತರಕ್ಕೂ ನಡುವೆ ಒಂದು ಪರೀಕ್ಷೆಯನ್ನು ಸೇರಿಸಿತು. ನಮ್ಮ ವಿಷಯವು ಹುಟ್ಟುವುದು ಆ ಪರೀಕ್ಷೆಯಲ್ಲಿಯೇ.

ಸತ್ತ ಮೇಲೆ ಇರುವನೆಂದು ಕೆಲವರು, ಇಲ್ಲವೆಂದು ಕೆಲವರು ಹೇಳುತ್ತಾರೆ, ನಿಜವೇನು ಎಂದು ನಚಿಕೇತನು ಕೇಳುತ್ತಾನೆ (1.1.20). ದೇವತೆಗಳಿಗೂ ಸಂಶಯವಿದ್ದ ವಿಷಯವಿದು, ಬೇರೆ ವರವನ್ನು ಕೇಳೆಂದು ಯಮನು ಹಿಂಜರಿಯುತ್ತಾನೆ (1.1.21). ಬಾಲಕನು ಪಟ್ಟು ಬಿಡದಿರಲು ನೂರು ವರ್ಷ ಬಾಳುವ ಮಕ್ಕಳು ಮೊಮ್ಮಕ್ಕಳು, ಪಶು, ಆನೆ, ಕುದುರೆ, ಚಿನ್ನ, ವಿಶಾಲವಾದ ಭೂಮಿ, ಬೇಕಾದಷ್ಟು ಆಯುಸ್ಸು, ರಥವಾದ್ಯಗಳೊಡನೆ ದಿವ್ಯಸ್ತ್ರೀಯರು ಎಂದು ಕೊಡುಗೆಯನ್ನು ಏರಿಸುತ್ತ ಹೋಗುತ್ತಾನೆ (1.1.23-25). ಹೊನ್ನು, ಹೆಣ್ಣು, ಮಣ್ಣು ಎಂದು ಶರಣಸಾಹಿತ್ಯದಲ್ಲಿ ಒಟ್ಟಿಗೆ ಬರುವ ಮೂರೂ ಈ ಪಟ್ಟಿಯಲ್ಲಿರುವುದು ಗಮನಾರ್ಹ. ಈ ಮೂರನ್ನು ಕುರಿತ ಪ್ರಸಿದ್ಧ ವಚನದಲ್ಲಿ ಅಲ್ಲಮಪ್ರಭುಗಳು ಮಾಯೆಯ ದೋಷವನ್ನು ವಸ್ತುಗಳ ಮೇಲೆ ಹೊರಿಸದೆ ಮನುಷ್ಯನ ಬಯಕೆಯಲ್ಲಿ ಗುರುತಿಸಿದರು. ಉಪನಿಷತ್ತಿನ ವಿವೇಚನೆಯೂ ಇದಕ್ಕೆ ದೂರವಾದುದಲ್ಲ.

ನಚಿಕೇತನ ಉತ್ತರದಲ್ಲಿ ಆ ವಸ್ತುಗಳ ನಿಂದೆಯಿಲ್ಲ; ಅವುಗಳ ತೂಕವಿದೆ. ಅವು ನಾಳೆ ಇರುವವೋ ಇಲ್ಲವೋ ಎಂಬಂಥವು, ಇಂದ್ರಿಯಗಳ ತೇಜಸ್ಸನ್ನು ಸವೆಸುವಂಥವು, ಎಷ್ಟೇ ದೀರ್ಘವಾದರೂ ಆಯುಸ್ಸು ಅಲ್ಪವೇ (1.1.26). ಮನುಷ್ಯನು ಹಣದಿಂದ ತೃಪ್ತನಾಗತಕ್ಕವನಲ್ಲ, ಮೃತ್ಯುವು ಆಳುವವರೆಗೆ ಮಾತ್ರವೇ ಬದುಕು (1.1.27). ತಂದೆಯು ಕೊಟ್ಟ ಹಸುಗಳ ಇಂದ್ರಿಯಶಕ್ತಿ ಉಡುಗಿತ್ತೆಂದು ಮೊದಲು ಕಂಡ ಕಣ್ಣೇ, ಭೋಗದಿಂದ ಮನುಷ್ಯನ ಇಂದ್ರಿಯಶಕ್ತಿಯೂ ಉಡುಗುವುದೆಂದು ಈಗ ಕಾಣುತ್ತದೆ. ಒಂದು ವಸ್ತುವು ಪ್ರೇಯಸ್ಸಿನ ಪಕ್ಷದ್ದೆಂದು ತಿಳಿಯುವ ಗುರುತುಗಳು ಈ ಮಾತುಗಳಲ್ಲಿಯೇ ಇವೆ: ಅದು ನಾಳೆಯ ಸಂದೇಹಕ್ಕೆ ಒಳಪಟ್ಟಿದೆ, ಅನುಭವಿಸುವವನನ್ನೇ ಸವೆಸುತ್ತದೆ, ಎಷ್ಟು ಬಂದರೂ ಸಾಕೆನಿಸುವುದಿಲ್ಲ.

ಈ ನಿರಾಕರಣೆಯಾದ ಮೇಲೆಯೇ ಯಮನು ಬಾಯ್ದೆರೆದು ತತ್ತ್ವವನ್ನು ಹೇಳುವುದು. ಶ್ರೇಯಸ್ಸು ಬೇರೆ, ಪ್ರೇಯಸ್ಸು ಬೇರೆ. ಭಿನ್ನ ಪ್ರಯೋಜನಗಳುಳ್ಳ ಇವೆರಡೂ ಪುರುಷನನ್ನು ಬಂಧಿಸುತ್ತವೆ. ಶ್ರೇಯಸ್ಸನ್ನು ಹಿಡಿದವನಿಗೆ ಒಳಿತು, ಪ್ರೇಯಸ್ಸನ್ನು ವರಿಸಿದವನು ಗುರಿಯಿಂದ ಜಾರುತ್ತಾನೆ ಎಂಬುದು 1.2.1ರ ಅಭಿಪ್ರಾಯ. ಎರಡು ಶಬ್ದಗಳೂ ವ್ಯಾಕರಣದಲ್ಲಿ ತಾರತಮ್ಯವನ್ನು ಸೂಚಿಸುವ ರೂಪಗಳು: ಪ್ರಶಸ್ಯವಾದ ಎರಡರಲ್ಲಿ ಹೆಚ್ಚಿನದು ಶ್ರೇಯಸ್ಸು, ಪ್ರಿಯವಾದ ಎರಡರಲ್ಲಿ ಹೆಚ್ಚಿನದು ಪ್ರೇಯಸ್ಸು. ಎರಡು ಎದುರುಬದುರಾಗಿ ನಿಂತಾಗಲೇ ಈ ಶಬ್ದಗಳಿಗೆ ಪೂರ್ಣಾರ್ಥ. ಬಂಧಿಸುವ ಕ್ರಿಯೆಯನ್ನು ಮಂತ್ರವು ಎರಡಕ್ಕೂ ಹೇಳಿರುವುದನ್ನು ಓದುಗರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಎರಡೂ ತನ್ನ ಕರ್ತವ್ಯವೆಂಬ ಬುದ್ಧಿಯನ್ನು ಹುಟ್ಟಿಸಿ ಮನುಷ್ಯನನ್ನು ತೊಡಗಿಸುತ್ತವೆ ಎಂಬುದು ಶಂಕರಾಚಾರ್ಯರ ಭಾಷ್ಯದ ತಾತ್ಪರ್ಯ. ಪ್ರೇಯಸ್ಸು ಕಳ್ಳನಂತೆ ಬರುವುದಿಲ್ಲ. ಕರ್ತವ್ಯದ ಉಡುಗೆಯಲ್ಲಿಯೇ ಬರುತ್ತದೆ.

ಮುಂದಿನ ಮಂತ್ರವೇ (1.2.2) ಇಡೀ ಪ್ರಕರಣದ ಕೇಂದ್ರ. ಎರಡೂ ಮನುಷ್ಯನ ಬಳಿಗೆ ಬರುತ್ತವೆ. ಧೀರನು ಅವನ್ನು ಸುತ್ತುವರಿದು ಪರೀಕ್ಷಿಸಿ ಬೇರ್ಪಡಿಸುತ್ತಾನೆ. ಹಂಸವು ನೀರಿನಿಂದ ಹಾಲನ್ನು ಬೇರ್ಪಡಿಸುವಂತೆ ಎಂದು ಭಾಷ್ಯವು ಉಪಮೆ ಕೊಡುತ್ತದೆ. ಎರಡೂ ಬೆರೆತೇ ಬರುವುದರಿಂದ ಈ ಉಪಮೆ ಉಚಿತವಾಗಿದೆ. ಆದರೆ ಮಂದನು ಪ್ರೇಯಸ್ಸನ್ನು ಆರಿಸುವುದು ಏತಕ್ಕೆ? ಕಾಮಾಂಧತೆಯಿಂದ ಎಂದಾಗಲಿ ದುಷ್ಟತನದಿಂದ ಎಂದಾಗಲಿ ಮಂತ್ರವು ಹೇಳುವುದಿಲ್ಲ. ಅದು ಕೊಡುವ ಕಾರಣ ಒಂದೇ ಶಬ್ದದಲ್ಲಿದೆ: ಯೋಗಕ್ಷೇಮ.

ಕನ್ನಡ ಓದುಗರಿಗೆ ಇಲ್ಲಿ ಆಶ್ಚರ್ಯವಾಗುವುದು ಸಹಜ. ಯೋಗಕ್ಷೇಮವೆಂಬುದು ನಮ್ಮಲ್ಲಿ ಮಂಗಳಕರವಾದ ಮಾತು. ಕಾಗದ ಬರೆಯುವಾಗ ಯೋಗಕ್ಷೇಮವನ್ನು ವಿಚಾರಿಸುತ್ತೇವೆ. 1948ರಲ್ಲಿ ರೂಪುಗೊಂಡ ಜಯನಗರ, ಅನಂತರ ಬೆಳೆದ ಬನಶಂಕರಿ ಮುಂತಾದ ದಕ್ಷಿಣ ಬೆಂಗಳೂರಿನ ಬಡಾವಣೆಗಳಲ್ಲಿ ನಡೆದಾಡಿದವರು 'ಕ್ಷೇಮಾಭಿವೃದ್ಧಿ ಸಂಘ' ಎಂಬ ಫಲಕಗಳನ್ನು ಕಂಡೇ ಇರುತ್ತಾರೆ. ಶ್ರೇಯೋಭಿವೃದ್ಧಿ ಎಂಬುದನ್ನೂ ನಾವು ಅದೇ ಅರ್ಥದಲ್ಲಿ ಬಳಸುತ್ತೇವೆ. ಹೀಗೆ ಉಪನಿಷತ್ತು ಎದುರುಬದುರಾಗಿ ನಿಲ್ಲಿಸಿದ ಶ್ರೇಯಸ್ಸೂ ಕ್ಷೇಮವೂ ನಮ್ಮ ನಿತ್ಯದ ನುಡಿಯಲ್ಲಿ ಒಂದಾಗಿಹೋಗಿವೆ. ಯೋಗವೆಂದರೆ ಇಲ್ಲದುದನ್ನು ಗಳಿಸುವುದು, ಕ್ಷೇಮವೆಂದರೆ ಗಳಿಸಿದುದನ್ನು ಕಾಯುವುದು. ನಿವೇಶನ ಕೊಳ್ಳುವುದು ಯೋಗ, ಅದಕ್ಕೆ ಬೇಲಿ ಹಾಕುವುದು ಕ್ಷೇಮ. ಎರಡೂ ತಪ್ಪಲ್ಲ. ಆದರೆ ಗಳಿಸುವುದು, ಕಾಯುವುದು, ಮತ್ತೆ ಗಳಿಸುವುದು ಎಂಬ ಚಕ್ರದಲ್ಲಿ ಆಯುಸ್ಸು ಪೂರ್ತಿಯಾಗಿ ವ್ಯಯವಾದರೆ ಬೇರೊಂದು ಪ್ರಶ್ನೆಯನ್ನು ಕೇಳಲು ಬಿಡುವೇ ಉಳಿಯುವುದಿಲ್ಲ. ಮಂದನ ಮಾಂದ್ಯವು ಅದೇ. ಅವನು ಕೆಟ್ಟವನಲ್ಲ, ಜಾಗರೂಕ ಸಂಸಾರಿ.

ಗೀತೆಯೂ ಇದೇ ಶಬ್ದವನ್ನು ಬಳಸುತ್ತದೆ. ಯೋಗಕ್ಷೇಮದ ಚಿಂತೆಯಿಲ್ಲದವನಾಗೆಂದು ಅರ್ಜುನನಿಗೆ ಹೇಳಿದ ಕೃಷ್ಣನು (2.45), ಅನನ್ಯಭಕ್ತರ ಯೋಗಕ್ಷೇಮವನ್ನು ತಾನೇ ಹೊರುವುದಾಗಿ ಮುಂದೆ ಹೇಳುತ್ತಾನೆ (9.22). ಭಾರತೀಯ ಜೀವ ವಿಮಾ ನಿಗಮದ ಧ್ಯೇಯವಾಕ್ಯವು ಈ ಎರಡನೆಯ ಶ್ಲೋಕದಿಂದಲೇ ಬಂದುದು. ಯೋಗಕ್ಷೇಮವು ನಡೆಯಬಾರದೆಂದು ಗೀತೆಯೂ ಹೇಳುವುದಿಲ್ಲ. ಅದೇ ಬಾಳಿನ ಆಯ್ಕೆಗೆ ಕಾರಣವಾಗಬಾರದೆಂಬುದೇ ಎರಡು ಗ್ರಂಥಗಳಿಗೂ ಸಮಾನವಾದ ಅಂಶ.

ಯಮನು ಈ ಮಾನದಂಡದಿಂದಲೇ ನಚಿಕೇತನನ್ನು ಅಳೆಯುತ್ತಾನೆ. ಪ್ರಿಯವಾದವನ್ನೂ ಪ್ರಿಯವೆಂದು ತೋರುವವನ್ನೂ ಆಲೋಚಿಸಿ ಬಿಟ್ಟೆ, ಬಹುಜನರು ಮುಳುಗುವ ಧನಮಯವಾದ ಸೃಂಕೆಯನ್ನು ಹಿಡಿಯಲಿಲ್ಲ ಎನ್ನುತ್ತಾನೆ (1.2.3). ಆಲೋಚಿಸಿ ಬಿಟ್ಟನೆಂಬುದು ಮುಖ್ಯ. ಅರಿಯದೆ ಬಿಟ್ಟುದು ತ್ಯಾಗವೆನಿಸದು. 'ಸೃಂಕಾ' ಎಂಬ ಅಪರೂಪದ ಶಬ್ದವು ಉಪನಿಷತ್ತಿನಲ್ಲಿ ಎರಡೇ ಕಡೆ ಬರುತ್ತದೆ. ಅಗ್ನಿವಿದ್ಯೆಯನ್ನು ಕಲಿತ ಬಾಲಕನಿಗೆ ಯಮನು ಮೆಚ್ಚಿ ಕೊಡುವ ಬಹುರೂಪದ ಸೃಂಕೆ ಒಂದು (1.1.16), ಅದನ್ನು ಭಾಷ್ಯವು ರತ್ನಮಾಲೆಯೆಂದೂ, ಪರ್ಯಾಯವಾಗಿ ನಿಂದ್ಯವಲ್ಲದ ಕರ್ಮಗತಿಯೆಂದೂ ಅರ್ಥೈಸುತ್ತದೆ. ಇಲ್ಲಿಯದು ಇನ್ನೊಂದು, ಇದನ್ನು ಮೂಢಜನರು ಹಿಡಿದ ಕುತ್ಸಿತ ಮಾರ್ಗವೆಂದು ವಿವರಿಸುತ್ತದೆ. ಒಂದೇ ಶಬ್ದ, ವಿದ್ಯೆಗೆ ಮೆಚ್ಚುಗೆಯಾಗಿ ಬಂದಾಗ ಕೊಡುಗೆ, ವಿದ್ಯೆಗೆ ಬದಲಾಗಿ ಬಂದಾಗ ಸಂಕೋಲೆ.

ಇದರಿಂದ ಒಂದು ಸಂದೇಹವೂ ಪರಿಹಾರವಾಗುತ್ತದೆ. ನಚಿಕೇತನು ಪ್ರೇಯಸ್ಸನ್ನು ಪೂರ್ತಿಯಾಗಿ ತಿರಸ್ಕರಿಸಿದವನಾದರೆ ಮೊದಲ ವರವಾಗಿ ತಂದೆಯ ಮನಶ್ಶಾಂತಿಯನ್ನು ಬೇಡಿದುದೇಕೆ (1.1.10)? ಎರಡನೆಯ ವರವಾಗಿ ಸ್ವರ್ಗಸಾಧನವಾದ ಅಗ್ನಿಯನ್ನು ಕೇಳಿದುದೇಕೆ (1.1.13)? ಅವೆರಡೂ ಪ್ರಿಯವಾದವುಗಳೇ; ಆದರೆ ಅವು ಆತ್ಮದ ಪ್ರಶ್ನೆಗೆ ಬದಲಾಗಿ ಬಂದವಲ್ಲ. ಆ ಪ್ರಶ್ನೆಯನ್ನು ಬಿಡುವುದಾದರೆ ಇದನ್ನು ಕೊಡುವೆನೆಂಬ ಷರತ್ತು ಬಂದಾಗ ಮಾತ್ರ ಅವನು ಇಡೀ ಪಟ್ಟಿಯನ್ನು ಹಿಂದಿರುಗಿಸಿದನು. ತಂದೆಯ ಪ್ರೀತಿಯನ್ನು ಬೇಡುವುದು ಶ್ರೇಯಸ್ಸಿಗೆ ವಿರೋಧವಲ್ಲ. ಮೊಮ್ಮಕ್ಕಳ ಆಸೆಗೆ ಸತ್ಯದ ಪ್ರಶ್ನೆಯನ್ನು ಮಾರಿಕೊಳ್ಳುವುದು ವಿರೋಧ.

ಪ್ರಕರಣದ ಕೊನೆಯಲ್ಲಿ ಯಮನು ಎರಡು ಎಚ್ಚರಿಕೆಗಳನ್ನು ಕೊಡುತ್ತಾನೆ. ಅವಿದ್ಯೆಯ ನಡುವೆ ಇದ್ದುಕೊಂಡು ತಾವೇ ಪಂಡಿತರೆಂದು ತಿಳಿದವರು ಕುರುಡನು ನಡೆಸಿದ ಕುರುಡರಂತೆ ಅಲೆಯುತ್ತಾರೆ (1.2.5). ಧನದ ಮೋಹದಿಂದ ಮೈಮರೆತವನಿಗೆ ಪರಲೋಕದ ದಾರಿ ತೋರದು, ಈ ಲೋಕವೇ ಇರುವುದು, ಬೇರೆಯಿಲ್ಲ ಎನ್ನುವವನು ಮತ್ತೆ ಮತ್ತೆ ಮೃತ್ಯುವಿನ ವಶಕ್ಕೆ ಬರುತ್ತಾನೆ (1.2.6). ಈ ಕೊನೆಯ ಮಂತ್ರವು ಅವನನ್ನು 'ಬಾಲ' ಎಂದು ಕರೆಯುತ್ತದೆ. ವಯಸ್ಸಿನಿಂದ ಬಾಲಕನಾದ ನಚಿಕೇತನ ಮುಂದೆ ಯಮನು ಈ ಶಬ್ದವನ್ನು ಬಳಸಿದ್ದು ಅವನಿಗಲ್ಲ, ಯೋಗಕ್ಷೇಮದಲ್ಲಿ ಮುಳುಗಿದ ದೊಡ್ಡವರಿಗೆ. ಸೊರಗಿದ ಹಸುಗಳನ್ನು ಕೊಟ್ಟು ಫಲವನ್ನು ಬಯಸಿದ ವಾಜಶ್ರವಸನು ಆಗ ಯಜ್ಞಶಾಲೆಯಲ್ಲಿ ಮಗನ ಹಾದಿಯನ್ನು ನೋಡುತ್ತಿದ್ದಿರಬೇಕು. ಆ ತಂದೆಯ ಮನಸ್ಸು ಶಾಂತವಾಗಲೆಂಬ ವರವನ್ನು ಮಗನು ಆಗಲೇ, ಎಲ್ಲಕ್ಕಿಂತ ಮೊದಲು, ಪಡೆದುಕೊಂಡಿದ್ದನು.