ಕಿಲೋಮೀಟರ್ ಮೊದಲೋ, ತಿಂಗಳು ಮೊದಲೋ?

ಸರ್ವಿಸ್ ಮುಗಿಸಿ ಕಾರು ಕೊಡುವಾಗ ಗ್ಯಾರೇಜಿನವರು ಗಾಜಿನ ಮೂಲೆಯಲ್ಲಿ ಒಂದು ಚೀಟಿ ಅಂಟಿಸುತ್ತಾರೆ. ಮುಂದಿನ ಆಯಿಲ್ ಚೇಂಜ್ 10,000 ಕಿ.ಮೀ. ಓಡಿದ ಮೇಲೆ ಅಥವಾ ಒಂದು ವರ್ಷಕ್ಕೆ, ಯಾವುದು ಮೊದಲೋ ಅದು. ತಾರೀಖನ್ನಾದರೆ ಫೋನು ನೆನಪಿಸುತ್ತದೆ. ಆದರೆ ಮೀಟರು 52,000 ಮುಟ್ಟುವುದು ಯಾವ ದಿನ ಎಂದು ಫೋನಿಗೆ ಗೊತ್ತಿಲ್ಲ. ವಾಹನದ ನಿರ್ವಹಣೆಗೆಂದು ಒಂದು ದಾಖಲೆ ಪುಸ್ತಕವನ್ನು ಸ್ಪ್ರೆಡ್‌ಶೀಟಿನಲ್ಲಿ ಕಟ್ಟಲು ಹೊರಟವರು ಬಿಡಿಸಬೇಕಾದ ಮುಖ್ಯ ಒಗಟು ಇದೇ: ಕಿಲೋಮೀಟರನ್ನು ತಾರೀಖಾಗಿ ಬದಲಿಸುವುದು ಹೇಗೆ?

ಎರಡು ಗಡುವುಗಳಿಗೂ ಕಾರಣವಿದೆ. ಎಂಜಿನ್ ಓಡಿದಷ್ಟೂ ಆಯಿಲ್‌ನಲ್ಲಿ ಮಸಿ ಸೇರುತ್ತದೆ, ಅದರಲ್ಲಿ ಬೆರೆಸಿರುವ ರಕ್ಷಕ ರಾಸಾಯನಿಕಗಳು ಸವೆಯುತ್ತವೆ. ಇದನ್ನು ಕಿಲೋಮೀಟರಿನಲ್ಲಿ ಅಳೆಯಬಹುದು. ಆದರೆ ಮನೆಯಿಂದ ಮಾರ್ಕೆಟ್ಟಿಗೆ, ಮಾರ್ಕೆಟ್ಟಿನಿಂದ ಮನೆಗೆ ಮಾತ್ರ ಓಡಾಡುವ ಕಾರಿನ ಕಥೆ ಬೇರೆ. ಅದರ ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ನಿಲ್ಲುತ್ತದೆ. ಒಳಗೆ ಉಳಿದ ನೀರಿನಂಶವೂ ಉರಿಯದ ಪೆಟ್ರೋಲೂ ಆವಿಯಾಗಿ ಹೋಗದೆ ಆಯಿಲ್‌ಗೆ ಬೆರೆಯುತ್ತವೆ. ಮೀಟರು ಹೆಚ್ಚು ತಿರುಗದಿದ್ದರೂ ಆಯಿಲ್ ಕೆಡುತ್ತದೆ. ಬ್ರೇಕ್ ಆಯಿಲ್‌ಗಂತೂ ಓಡಾಟವೇ ಬೇಕಿಲ್ಲ. ನಿಂತಲ್ಲೇ ಅದು ಗಾಳಿಯ ತೇವ ಹೀರುತ್ತದೆ, ಅದು ಕುದಿಯುವ ಉಷ್ಣತೆ ಇಳಿಯುತ್ತದೆ. ಘಾಟಿ ಇಳಿಯುವಾಗ ಬ್ರೇಕ್ ಕಾದು ಒಳಗೆ ಆವಿಯ ಗುಳ್ಳೆಗಳೆದ್ದರೆ ಪೆಡಲ್ ಮೆತ್ತಗೆ ಒಳಗಿಳಿದುಬಿಡುತ್ತದೆ. ಹಾಗಾಗಿಯೇ ಅದನ್ನು ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಲು ಹೇಳುತ್ತಾರೆ.

ದಾಖಲೆಯಲ್ಲಿ ಮೂರು ಹಾಳೆ ಸಾಕು. ಮೊದಲನೆಯದರಲ್ಲಿ ಕೆಲಸಗಳ ಪಟ್ಟಿ: ಯಾವ ಕೆಲಸ, ಎಷ್ಟು ಕಿಲೋಮೀಟರಿಗೆ, ಎಷ್ಟು ತಿಂಗಳಿಗೆ. ಈ ಅಂಕಿಗಳನ್ನು ವಾಹನದ ಜೊತೆ ಬಂದ ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕು. ಎರಡನೆಯದರಲ್ಲಿ ಮಾಡಿದ ಕೆಲಸಗಳು: ತಾರೀಖು, ಮೀಟರಿನ ಅಂಕಿ, ಖರ್ಚು. ಮೂರನೆಯದರಲ್ಲಿ ಮೀಟರಿನ ಅಂಕಿಗಳು ಮಾತ್ರ. ಸರ್ವಿಸ್ ಇಲ್ಲದ ದಿನಗಳಲ್ಲೂ, ಉದಾಹರಣೆಗೆ ಪ್ರತಿ ಸಲ ಬಂಕಿನಲ್ಲಿ ಪೆಟ್ರೋಲ್ ಹಾಕಿಸಿದಾಗ, ಇಲ್ಲೊಂದು ಸಾಲು ಸೇರುತ್ತದೆ. ಬಹಳ ಜನ ಈ ಮೂರನೆಯ ಹಾಳೆಯನ್ನೇ ಬಿಟ್ಟುಬಿಡುತ್ತಾರೆ. ಆಗ ಎಚ್ಚರಿಕೆ ಕೊಡಲು ದಾಖಲೆಗೆ ಆಧಾರವೇ ಇರುವುದಿಲ್ಲ.

ಒಂದು ಕಾರಿನ ಲೆಕ್ಕ ಹಾಕಿ ನೋಡೋಣ. 2025ರ ಜನವರಿ 10ರಂದು, ಮೀಟರು 42,000 ಇದ್ದಾಗ ಆಯಿಲ್ ಬದಲಾಗಿದೆ. ತಿಂಗಳ ಲೆಕ್ಕದಲ್ಲಿ ಗಡುವು 2026ರ ಜನವರಿ 10, ಓಟದ ಲೆಕ್ಕದಲ್ಲಿ 52,000. ಜೂನ್ 1ಕ್ಕೆ ಮೀಟರು 46,800, ಆಗಸ್ಟ್ 1ಕ್ಕೆ 49,240. ಅಂದರೆ 61 ದಿನಗಳಲ್ಲಿ 2,440 ಕಿ.ಮೀ., ದಿನಕ್ಕೆ ಸರಾಸರಿ 40. ಇನ್ನು ಉಳಿದಿರುವುದು 2,760 ಕಿ.ಮೀ. ಅದನ್ನು 40ರಿಂದ ಭಾಗಿಸಿದರೆ 69 ದಿನ. ಆಗಸ್ಟ್ 1ರಿಂದ 69 ದಿನ ಎಣಿಸಿದರೆ ಅಕ್ಟೋಬರ್ 9. ತಿಂಗಳ ಗಡುವಿಗಿಂತ ಮೂರು ತಿಂಗಳು ಮೊದಲೇ ಈ ಕಾರು ಗ್ಯಾರೇಜಿಗೆ ಹೋಗಬೇಕು. ಅದೇ ಮನೆಯ ಹಿರಿಯರ ಕಾರು ದಿನಕ್ಕೆ 6 ಕಿ.ಮೀ. ಓಡುತ್ತದೆ ಎನ್ನಿ. ಅದು 10,000 ಕಿ.ಮೀ. ಮುಗಿಸಲು ನಾಲ್ಕೂವರೆ ವರ್ಷ ಬೇಕು, ಹಾಗಾಗಿ ಅದಕ್ಕೆ ಒಂದು ವರ್ಷದ ಗಡುವೇ ಅನ್ವಯಿಸುತ್ತದೆ.

ಇಡೀ ಲೆಕ್ಕ ಸ್ಪ್ರೆಡ್‌ಶೀಟಿನ ಒಂದೇ ಸಾಲಿನಲ್ಲಿ ಮುಗಿಯುತ್ತದೆ:

```
=IF(F2>0, MIN(EDATE(B2,12), E2+(C2+10000-D2)/F2), EDATE(B2,12))
```

ಇಲ್ಲಿ `B2` ಮತ್ತು `C2` ಕಳೆದ ಸರ್ವಿಸಿನ ತಾರೀಖು ಮತ್ತು ಮೀಟರು. `D2` ಮತ್ತು `E2` ಇತ್ತೀಚಿನ ಮೀಟರು ಮತ್ತು ಅದನ್ನು ಬರೆದುಕೊಂಡ ತಾರೀಖು. `F2` ದಿನದ ಸರಾಸರಿ. ಎರಡು ತಾರೀಖುಗಳಲ್ಲಿ ಮೊದಲು ಬರುವುದನ್ನು `MIN` ಆರಿಸುತ್ತದೆ. ಕಾರು ನಿಂತೇ ಇದ್ದು ಸರಾಸರಿ ಸೊನ್ನೆಯಾದರೆ ಭಾಗಾಕಾರ ಕೆಡುತ್ತದೆ. ಅದಕ್ಕಾಗಿಯೇ ಮುಂದೆ `IF` ಇದೆ. ಆಗ ತಿಂಗಳ ಗಡುವೊಂದೇ ಉಳಿಯುತ್ತದೆ. ಉತ್ತರದ ಕೋಶವನ್ನು ತಾರೀಖಿನ ರೂಪಕ್ಕೆ ಹೊಂದಿಸುವುದನ್ನು ಮರೆತರೆ ಅಲ್ಲಿ ಅರ್ಥವಾಗದ ಐದಂಕಿಯ ಸಂಖ್ಯೆ ಕಾಣುತ್ತದೆ.

ಸರಾಸರಿಯನ್ನು ಎಷ್ಟು ದಿನಗಳ ಮೇಲೆ ತೆಗೆಯಬೇಕು ಎಂಬುದು ಸಣ್ಣ ಪ್ರಶ್ನೆಯಲ್ಲ. ಮೇಲಿನ ಕಾರೇ ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಹೋಗಿ ಬಂದು, ಒಂದೇ ವಾರದಲ್ಲಿ 840 ಕಿ.ಮೀ. ಓಡಿತೆನ್ನಿ. ಆ ವಾರವನ್ನಷ್ಟೇ ನೋಡಿದರೆ ಸರಾಸರಿ 120ಕ್ಕೆ ಏರುತ್ತದೆ, 69 ದಿನದ ಗಡುವು 23ಕ್ಕೆ ಕುಸಿಯುತ್ತದೆ. ಮುಂದಿನ ವಾರ ಮತ್ತೆ ಹಿಂದಕ್ಕೆ ಸರಿಯುತ್ತದೆ. ಹೀಗೆ ಹೊಯ್ದಾಡುವ ಎಚ್ಚರಿಕೆಯನ್ನು ಜನ ನಂಬುವುದನ್ನೇ ಬಿಡುತ್ತಾರೆ. ಇಡೀ ವರ್ಷದ ಸರಾಸರಿ ಹಿಡಿದರೆ ಇನ್ನೊಂದು ತೊಂದರೆ: ಕೆಲಸ ಬದಲಾಗಿ ಕಚೇರಿ ದೂರವಾದರೂ ಅದು ಬೇಗ ಲೆಕ್ಕಕ್ಕೆ ಬರುವುದಿಲ್ಲ. ಎರಡು ಮೂರು ತಿಂಗಳ ಸರಾಸರಿ ಮನೆಬಳಕೆಯ ಕಾರಿಗೆ ಹದವಾಗಿ ಹೊಂದುತ್ತದೆ.

ಮೀಟರಿನ ಅಂಕಿ ಹಳತಾದರೆ ಲೆಕ್ಕ ಎಷ್ಟು ಸರಿಯಿದ್ದರೂ ಪ್ರಯೋಜನವಿಲ್ಲ. ಹಾಗಾಗಿ `TODAY()-E2` 30 ದಾಟಿದ ಕೂಡಲೇ ಮೊದಲು ಕಾಣಬೇಕಾದದ್ದು ‘ಮೀಟರು ನೋಡಿ ಬರೆಯಿರಿ’ ಎಂಬ ಸೂಚನೆ. ಹೊಸ ಅಂಕಿ ಹಿಂದಿನದಕ್ಕಿಂತ ಚಿಕ್ಕದಾಗಿದ್ದರೆ, ಅಥವಾ 49,240ರ ಬದಲು 4,92,400 ಎಂದು ಒತ್ತಿಬಿಟ್ಟರೆ ದಾಖಲೆ ಅದನ್ನು ಒಪ್ಪಬಾರದು. ಹಳೆಯ ಸ್ಕೂಟರು ಬೈಕುಗಳಲ್ಲಿ ಮೀಟರಿನ ಕೇಬಲ್ ತುಂಡಾಗುವುದುಂಟು. ಪೆಟ್ರೋಲ್ ಹಾಕಿಸುತ್ತಲೇ ಇದ್ದು ಅಂಕಿ ಮಾತ್ರ ಕದಲದಿದ್ದರೆ ಅದು ಗೊತ್ತಾಗುತ್ತದೆ. ಹೊಸ ಮೀಟರು ಕೂರಿಸಿ ಅದು ಸೊನ್ನೆಯಿಂದ ಶುರುವಾದರೆ, ಹಳೆಯ ಮೀಟರಿನ ಕೊನೆಯ ಅಂಕಿಯನ್ನು ಬೇರೆ ಕೋಶದಲ್ಲಿಟ್ಟು ಪ್ರತಿ ಸಲವೂ ಕೂಡಿಸಿಕೊಳ್ಳಬೇಕು.

ಕೆಲಸ ಮುಗಿದ ಮೇಲೆ ಮುಂದಿನ ಗಡುವು ಎಲ್ಲಿಂದ ಶುರು? ಆಯಿಲ್ ಆದರೆ ನಿಜವಾಗಿ ಬದಲಿಸಿದ ಅಂಕಿಯಿಂದ. 52,000ಕ್ಕೆ ಇದ್ದದ್ದನ್ನು 51,400ಕ್ಕೇ ಮಾಡಿಸಿದರೆ ಮುಂದಿನದು 61,400. ಎಮಿಷನ್ ಟೆಸ್ಟ್ ಅವಧಿಯೂ ಪರೀಕ್ಷೆ ಮಾಡಿಸಿದ ದಿನದಿಂದ ಎಣಿಕೆಯಾಗುತ್ತದೆ. ಬಿಎಸ್-4 ಮತ್ತು ಬಿಎಸ್-6 ವಾಹನಗಳಿಗೆ ಅದು ಒಂದು ವರ್ಷ. ಇನ್ಶೂರೆನ್ಸ್ ಹಾಗಲ್ಲ. ಹತ್ತು ದಿನ ಮೊದಲೇ ಹಣ ಕಟ್ಟಿದರೂ ಹೊಸ ಪಾಲಿಸಿ ಶುರುವಾಗುವುದು ಹಳೆಯದು ಮುಗಿದ ಮೇಲೆಯೇ. ಆದ್ದರಿಂದ ಕೆಲಸಗಳ ಪಟ್ಟಿಯಲ್ಲಿ ಪ್ರತಿ ಸಾಲಿಗೂ ‘ಮಾಡಿದ ದಿನದಿಂದ’ ಅಥವಾ ‘ಹಳೆಯ ಗಡುವಿನಿಂದ’ ಎಂದು ಗುರುತಿರಬೇಕು. ಹಾಗೆಯೇ ಮೆಕ್ಯಾನಿಕ್ ಏರ್ ಫಿಲ್ಟರನ್ನು ಊದಿ ಸ್ವಚ್ಛ ಮಾಡಿದ್ದನ್ನೂ ಹೊಸದು ಹಾಕಿದ್ದನ್ನೂ ಒಂದೇ ಎಂದು ಬರೆದುಕೊಳ್ಳಬಾರದು. ಬದಲಾವಣೆಯ ಗಡುವು ಮತ್ತೆ ಮೊದಲಿನಿಂದ ಎಣಿಸಲು ಹೊಸ ಫಿಲ್ಟರೇ ಬಿದ್ದಿರಬೇಕು.

ಕಿಲೋಮೀಟರು ಎಲ್ಲರಿಗೂ ಸರಿಯಾದ ಅಳತೆಯೂ ಅಲ್ಲ. ಟ್ರ್ಯಾಕ್ಟರ್ ಹೊಲದಲ್ಲಿ ನಿಂತಲ್ಲೇ ಪಂಪು ಓಡಿಸುತ್ತದೆ, ಒಕ್ಕಣೆ ಯಂತ್ರ ತಿರುಗಿಸುತ್ತದೆ. ಹಾಗಾಗಿ ಅದರಲ್ಲಿರುವುದು ಗಂಟೆಯ ಮೀಟರು. ಮೇಲಿನ ಸೂತ್ರದಲ್ಲಿ 10,000ದ ಜಾಗದಲ್ಲಿ ಕೈಪಿಡಿ ಹೇಳುವ ಗಂಟೆಗಳನ್ನು ಹಾಕಿದರೆ ರೈತರಿಗೂ ಇದೇ ದಾಖಲೆ ನಡೆಯುತ್ತದೆ. ಗಂಟೆಗಟ್ಟಲೆ ಟ್ರಾಫಿಕ್ಕಿನಲ್ಲಿ ನಿಂತು ಉರಿಯುವ ನಗರದ ಕಾರಿನಲ್ಲಿ ಎಂಜಿನ್ ಓಡಿದ ಹೊತ್ತು ಮೀಟರಿಗೆ ಸಿಗುವುದಿಲ್ಲ. ಅಂಥ ಬಳಕೆಗೆ ಅನೇಕ ಕೈಪಿಡಿಗಳು ಕಡಿಮೆ ಅಂತರವನ್ನೇ ಹೇಳುತ್ತವೆ, ಆ ಅಂಕಿಯನ್ನೇ ಪಟ್ಟಿಗೆ ಹಾಕಬೇಕು.

ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಿಗೆ ಮೊದಲ ಸಾಲಿನಲ್ಲೇ ಏನು ಬರೆಯಬೇಕೆಂಬ ಗೊಂದಲ. ಹಿಂದೆ ಯಾವಾಗ ಏನಾಗಿತ್ತೆಂದು ಬಿಲ್ ಇದ್ದರೆ ಅದನ್ನೇ ದಾಖಲಿಸಬಹುದು. ಬಿಲ್ ಇಲ್ಲದ ಕೆಲಸಕ್ಕೆ ಅಂದಾಜಿನ ತಾರೀಖು ಬರೆಯುವುದಕ್ಕಿಂತ ಕೋಶವನ್ನು ಖಾಲಿ ಬಿಟ್ಟು, ಖಾಲಿ ಇದ್ದರೆ ಗಡುವು ಇವತ್ತೇ ಎಂದು ತೋರಿಸುವಂತೆ ಮಾಡುವುದು ಸುರಕ್ಷಿತ. ಆಗ ಆಯಿಲ್, ಬ್ರೇಕ್ ಆಯಿಲ್, ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ ಆ ಬೆಲ್ಟ್, ಎಲ್ಲವೂ ಮೊದಲ ದಿನವೇ ಕೆಂಪಾಗಿ ಕಾಣುತ್ತವೆ. ಒಂದೊಂದನ್ನೇ ಮಾಡಿಸಿ ಬಿಲ್ಲಿನ ತಾರೀಖು, ಮೀಟರಿನ ಅಂಕಿ ತುಂಬುತ್ತ ಹೋದಂತೆ ಆ ಕಾರಿನ ನಿಜವಾದ ಲೆಕ್ಕ ಅಲ್ಲಿಂದ ಶುರುವಾಗುತ್ತದೆ.