ಓರೆ ಗೋಡೆಗೆ ನೇರ ಬೋರ್ಡು

ಹೊಸದಾಗಿ ಅಂಗಡಿ ತೆರೆಯುವವರು ಬೋರ್ಡು ಮಾಡಿಸಲು ಹೋದಾಗ ಕೇಳುವ ಮಾತು ಹೆಚ್ಚುಕಡಿಮೆ ಒಂದೇ: 'ಹಾಕಿದ ಮೇಲೆ ಹೇಗೆ ಕಾಣುತ್ತೆ, ಒಂಚೂರು ತೋರಿಸಿ.' ಕೈಯಲ್ಲಿ ಮೊಬೈಲಿನಲ್ಲಿ ತೆಗೆದ ಗೋಡೆಯ ಫೋಟೊ ಇರುತ್ತದೆ. ರಸ್ತೆ ಕಿರಿದು, ಎದುರಿಗೆ ನಿಂತರೆ ಇಡೀ ಗೋಡೆ ಫ್ರೇಮಿನೊಳಗೆ ಸಿಗುವುದಿಲ್ಲ. ಹಾಗಾಗಿ ಫೋಟೊ ಪಕ್ಕದಿಂದ ತೆಗೆದದ್ದು, ಗೋಡೆ ಓರೆಯಾಗಿ ದೂರಕ್ಕೆ ಸರಿದಿದೆ. ಡಿಸೈನರ್ ಬೋರ್ಡಿನ ಚಿತ್ರವನ್ನು ಅದರ ಮೇಲೆ ಎಳೆದು ತಂದು, ಒಂದಿಷ್ಟು ವಾಲಿಸಿ, 'ನೋಡಿ ಸಾರ್' ಎನ್ನುತ್ತಾನೆ. ಗಿರಾಕಿ ನೋಡುತ್ತಾರೆ. ಬೋರ್ಡು ಗೋಡೆಗೆ ಅಂಟಿದಂತಿಲ್ಲ, ಗೋಡೆಯ ಮುಂದೆ ಎಲ್ಲೋ ತೇಲುತ್ತಿರುವಂತಿದೆ. ತಪ್ಪಾಗಿದೆ ಎಂದು ಇಬ್ಬರಿಗೂ ಗೊತ್ತು, ಎಲ್ಲಿ ಎಂದು ಇಬ್ಬರಿಗೂ ಗೊತ್ತಿಲ್ಲ.

ತಪ್ಪಿರುವುದು ಆ ವಾಲಿಸುವುದರಲ್ಲೇ. ಸಾಫ್ಟ್‌ವೇರಿನ 'ಸ್ಕ್ಯೂ' ಸಾಧನ ಆಯತವನ್ನು ಒಂದು ಬದಿಗೆ ತಳ್ಳುತ್ತದೆ ಅಷ್ಟೆ; ಬೋರ್ಡಿನ ಮೇಲಂಚು, ಕೆಳಂಚು ಆಮೇಲೂ ಸಮಾನಾಂತರವಾಗಿಯೇ ಉಳಿಯುತ್ತವೆ. ಹಿಂದಿರುವ ಗೋಡೆಯಲ್ಲಿ ಹಾಗಿಲ್ಲ. ಅಲ್ಲಿ ಪ್ಯಾರಾಪೆಟ್ಟಿನ ಗೆರೆ ದೂರ ಹೋದಂತೆ ಕೆಳಗಿಳಿಯುತ್ತದೆ, ನೆಲದ ಗೆರೆ ಮೇಲೇರುತ್ತದೆ, ಷಟರಿನ ಮೇಲಂಚು ಇವೆರಡರ ನಡುವಿನ ಯಾವುದೋ ಓರೆಯಲ್ಲಿರುತ್ತದೆ. ಇವನ್ನೆಲ್ಲ ಸ್ಕೇಲು ಹಿಡಿದು ಮುಂದಕ್ಕೆ ಎಳೆದರೆ ಒಂದೇ ಜಾಗದಲ್ಲಿ ಕೂಡುತ್ತವೆ. ಅದೇ ವ್ಯಾನಿಶಿಂಗ್ ಪಾಯಿಂಟ್, ಕನ್ನಡದಲ್ಲಿ ಕಣ್ಮರೆ ಬಿಂದು ಎನ್ನಬಹುದು. ರೈಲು ಹಳಿಗಳು ದೂರದಲ್ಲಿ ಒಂದಾಗುವ ಬಿಂದುವೂ ಇಂಥದ್ದೇ. ವ್ಯತ್ಯಾಸವಿಷ್ಟೆ: ಹಳಿಯ ಬಿಂದು ಕಣ್ಣಿಗೆ ಕಾಣುತ್ತದೆ, ಗೋಡೆಯದು ಎಷ್ಟೋ ಸಲ ಫೋಟೊದ ಅಂಚು ದಾಟಿ ಹೊರಗಿರುತ್ತದೆ.

ಒಂದು ಗೋಡೆಯನ್ನೇ ಹಿಡಿದು ಲೆಕ್ಕ ಹಾಕಬಹುದು. ಅದರ ಅಗಲ 20 ಅಡಿ, ಎತ್ತರ 10 ಅಡಿ ಎಂದಿಟ್ಟುಕೊಂಡರೆ ಸಾಕು. ಫೋಟೊ 1600 ಪಿಕ್ಸೆಲ್ ಅಗಲ, 1200 ಪಿಕ್ಸೆಲ್ ಎತ್ತರ. ಪಿಕ್ಸೆಲ್‌ಗಳನ್ನು ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಎಣಿಸುವುದು ವಾಡಿಕೆ. ಗೋಡೆಯ ಹತ್ತಿರದ ಅಂಚು ಎಡದಿಂದ 200ನೇ ಪಿಕ್ಸೆಲ್‌ನಲ್ಲಿದ್ದು, ಮೇಲಿನಿಂದ 200ರಿಂದ 1000ದವರೆಗೆ ನಿಂತಿದೆ. ದೂರದ ಅಂಚು ಎಡದಿಂದ 1000ದಲ್ಲಿದೆ, ಮೇಲಿನಿಂದ 400ರಿಂದ 800ರವರೆಗೆ ಮಾತ್ರ. ಎರಡೂ ಅಂಚು ನಿಜದಲ್ಲಿ ಹತ್ತೇ ಅಡಿ. ಫೋಟೊದಲ್ಲಿ ಒಂದು 800 ಪಿಕ್ಸೆಲ್, ಇನ್ನೊಂದು 400. ಅಂದರೆ ದೂರದ ಅಂಚು ಕ್ಯಾಮೆರಾದಿಂದ ಎರಡರಷ್ಟು ಆಳದಲ್ಲಿದೆ.

ಮೇಲಂಚು 800 ಪಿಕ್ಸೆಲ್ ಸಾಗುವಷ್ಟರಲ್ಲಿ 200 ಪಿಕ್ಸೆಲ್ ಇಳಿದಿದೆ, ಕೆಳಂಚು ಅಷ್ಟೇ ಏರಿದೆ. ಎರಡನ್ನೂ ಮುಂದಕ್ಕೆ ಎಳೆದರೆ ಎಡದಿಂದ 1800, ಮೇಲಿನಿಂದ 600ರಲ್ಲಿ ಕೂಡುತ್ತವೆ. ಫೋಟೊ ಮುಗಿಯುವುದೇ 1600ಕ್ಕೆ, ಆದ್ದರಿಂದ ಬಿಂದು ಚಿತ್ರದಾಚೆ 200 ಪಿಕ್ಸೆಲ್ ದೂರದಲ್ಲಿದೆ. ಅದರ ಎತ್ತರವಾದ 600 ಇನ್ನೊಂದು ಸಂಗತಿ ಹೇಳುತ್ತದೆ. ಕ್ಯಾಮೆರಾ ಎಷ್ಟು ಎತ್ತರದಲ್ಲಿತ್ತೋ ಅಷ್ಟು ಎತ್ತರದ ಗೆರೆ ಮಾತ್ರ ಫೋಟೊದಲ್ಲಿ ಏರದೆ ಇಳಿಯದೆ ಮಲಗಿರುತ್ತದೆ. ಇಲ್ಲಿ ಅದು ಗೋಡೆಯನ್ನು ಸರಿಯಾಗಿ ಅರ್ಧಕ್ಕೆ ಕತ್ತರಿಸುತ್ತಿದೆ. ಹಾಗಾಗಿ ಫೋಟೊ ತೆಗೆದವರ ಮೊಬೈಲು ನೆಲದಿಂದ ಐದು ಅಡಿ ಎತ್ತರದಲ್ಲಿತ್ತು. ಬೋರ್ಡು ಅದಕ್ಕಿಂತ ಮೇಲೆ ಬರುವುದರಿಂದ ಅದರ ಎರಡೂ ಅಂಚು ದೂರ ಹೋದಂತೆ ಇಳಿಯಲೇಬೇಕು, ಆದರೆ ಒಂದೇ ಓರೆಯಲ್ಲಿ ಅಲ್ಲ.

ಇನ್ನು ಬೋರ್ಡು ಗೋಡೆಯ ನಟ್ಟನಡುವೆ ಬರಬೇಕು. ನಡು ಎಲ್ಲಿದೆ? 200 ಮತ್ತು 1000ದ ನಡುವಣ ಸಂಖ್ಯೆ 600, ಅಲ್ಲೇ ಎನ್ನುವುದು ಎಲ್ಲರಿಗೂ ತೋಚುವ ಉತ್ತರ. ಎಲ್ಲರೂ ಎಡವುವುದೂ ಅಲ್ಲೇ. ಆಯತದ ಕರ್ಣಗಳು ಅದರ ನಡುವಿನಲ್ಲಿ ಕೂಡುತ್ತವೆ ಎಂಬುದು ಶಾಲೆಯ ಪಾಠ. ಆಯತ ಓರೆಯಾಗಿ ಕಂಡಾಗಲೂ ಆ ಕರ್ಣಗಳು ನೇರ ಗೆರೆಗಳೇ, ಕೂಡುವುದೂ ಅದೇ ನಡುವಿನಲ್ಲೇ. ಫೋಟೊದ ಮೇಲೆ ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆದರೆ ಅವು ಕತ್ತರಿಸುವುದು 733ರಲ್ಲಿ. 600ರಲ್ಲಿರುವುದು ಹತ್ತಿರದ ಅಂಚಿನಿಂದ ಆರು ಅಡಿ ಎಂಟು ಇಂಚಿನ ಜಾಗ. ಕಣ್ಣಂದಾಜಿನಲ್ಲಿ 'ನಡುವೆ' ಇಟ್ಟ ಬೋರ್ಡು ಮೂರು ಅಡಿಗಿಂತ ಹೆಚ್ಚು ಒಂದು ಬದಿಗೆ ಸರಿದಿರುತ್ತದೆ.

ಈ ಕರ್ಣದ ಉಪಾಯ ಹೊಸದೇನಲ್ಲ. ಚಿತ್ರದಲ್ಲಿ ಆಳ ತೋರಿಸುವ ರೇಖಾಗಣಿತವನ್ನು ಇಟಲಿಯ ಆಲ್ಬರ್ಟಿ 1435ರಲ್ಲಿ ಚಿತ್ರಕಲೆಯ ಪುಸ್ತಕವೊಂದರಲ್ಲಿ ಬರೆದಿಟ್ಟ. ಚೌಕಲ್ಲು ಹಾಸಿದ ನೆಲ ಬರೆಯುವಾಗ ಕೆಲವರು ಪ್ರತಿ ಸಾಲನ್ನೂ ಹಿಂದಿನದಕ್ಕಿಂತ ಮೂರನೇ ಒಂದು ಭಾಗ ಕಿರಿದು ಮಾಡುತ್ತ ಹೋಗುತ್ತಿದ್ದರು. ಅದು ತಪ್ಪು ಎಂದ ಆಲ್ಬರ್ಟಿ, ಪರೀಕ್ಷೆಯನ್ನೂ ಕೊಟ್ಟ: ಚೌಕಗಳ ಮೂಲೆಗಳನ್ನು ಹಾಯುವ ಕರ್ಣ ಒಂದೇ ನೇರ ಗೆರೆಯಾಗಿ ಬಂದರೆ ಚಿತ್ರ ಸರಿ, ಬಾಗಿದರೆ ತಪ್ಪು. ಇಂದು ಟೈಲ್ಸ್ ಹಾಕಿದ ಗೋಡೆಯ ಫೋಟೊ ಸಿಕ್ಕರೆ ಅದೇ ಪರೀಕ್ಷೆಯನ್ನು ಪರದೆಯ ಮೇಲೆ ಮಾಡಬಹುದು.

ಪ್ರತಿ ಮೂಲೆಗೂ ಗೆರೆ ಎಳೆಯುತ್ತ ಕೂರದೆ, ಗೋಡೆಯ ಅಡಿ ಲೆಕ್ಕವನ್ನು ನೇರವಾಗಿ ಫೋಟೊದ ಪಿಕ್ಸೆಲ್‌ಗೆ ಬದಲಿಸುವ ಸೂತ್ರವೇ ಪರ್ಸ್ಪೆಕ್ಟಿವ್ ಟ್ರಾನ್ಸ್‌ಫಾರ್ಮ್. ಅದರಲ್ಲಿ ಗೊತ್ತಿಲ್ಲದ ಸಂಖ್ಯೆಗಳು ಎಂಟು. ಒಂದು ಮೂಲೆಯ ಜಾಗ ತಿಳಿದರೆ ಎರಡು ಸಮೀಕರಣ ಸಿಗುತ್ತವೆ, ನಾಲ್ಕು ಮೂಲೆ ತಿಳಿದರೆ ಎಂಟು. ಅದಕ್ಕೇ ಎಲ್ಲ ಸಾಫ್ಟ್‌ವೇರೂ ನಾಲ್ಕೇ ಮೂಲೆ ಕೇಳುತ್ತವೆ. ಈ ಗೋಡೆಗೆ ಬರುವ ಸೂತ್ರ ಹೀಗಿದೆ. U ಎಂದರೆ ಹತ್ತಿರದ ಅಂಚಿನಿಂದ ಎಷ್ಟು ಅಡಿ, v ಎಂದರೆ ನೆಲದಿಂದ ಎಷ್ಟು ಅಡಿ.

```
x = (90u + 200) / (0.05u + 1)
y = (30u - 80v + 1000) / (0.05u + 1)
```

ಇದರ ಜೀವವೆಲ್ಲ ಕೆಳಗಿನ ಭಾಜಕದಲ್ಲಿದೆ. ಹತ್ತಿರದ ಅಂಚಿನಲ್ಲಿ ಅದರ ಬೆಲೆ 1, ಇಪ್ಪತ್ತನೇ ಅಡಿಯಲ್ಲಿ 2. ಆಳ ಹೆಚ್ಚಿದಷ್ಟೂ ಭಾಗಿಸುವ ಸಂಖ್ಯೆ ಹೆಚ್ಚುತ್ತದೆ, ವಸ್ತು ಚಿಕ್ಕದಾಗುತ್ತದೆ. ಆ ಭಾಗಾಕಾರವನ್ನು ತೆಗೆದುಬಿಟ್ಟರೆ ಉಳಿಯುವುದು ಬರೀ ಸ್ಕ್ಯೂ. u ಅನ್ನು ಎಷ್ಟೇ ದೊಡ್ಡದು ಮಾಡಿದರೂ x 1800 ದಾಟುವುದಿಲ್ಲ. ಕಣ್ಮರೆ ಬಿಂದು ಸೂತ್ರದೊಳಗೇ ಕೂತಿದೆ.

ಬೋರ್ಡು 8 ಅಡಿ ಅಗಲ, 2 ಅಡಿ ಎತ್ತರ. ಗೋಡೆಯ ನಡುವೆ ಬರಬೇಕಾದರೆ 6ನೇ ಅಡಿಯಿಂದ 14ನೇ ಅಡಿಯವರೆಗೆ. ಷಟರಿನ ಮೇಲೆ, ನೆಲದಿಂದ ಏಳೂವರೆ ಅಡಿಗೆ ಕೆಳಂಚು, ಒಂಬತ್ತೂವರೆಗೆ ಮೇಲಂಚು. ಸೂತ್ರಕ್ಕೆ ಹಾಕಿದರೆ ನಾಲ್ಕು ಮೂಲೆ ಸಿಗುತ್ತವೆ. ಮುಂದಿನ ಕೆಲಸವನ್ನು ಓಪನ್‌ಸಿವಿ ಎಂಬ ಉಚಿತ ತಂತ್ರಾಂಶ ನಾಲ್ಕು ಸಾಲಿನಲ್ಲಿ ಮುಗಿಸುತ್ತದೆ:

```python
src = np.float32([[0,0],[1600,0],[1600,400],[0,400]])
dst = np.float32([[569,323],[859,388],[859,482],[569,446]])
M = cv2.getPerspectiveTransform(src, dst)
out = cv2.warpPerspective(board, M, (1600, 1200))
```

ಮೊದಲ ಸಾಲು ಬೋರ್ಡಿನ ಮೂಲ ಚಿತ್ರದ ಮೂಲೆಗಳು, ಎರಡನೆಯದು ಅವು ಫೋಟೊದಲ್ಲಿ ಹೋಗಿ ಕೂರಬೇಕಾದ ಜಾಗಗಳು. ಎರಡೂ ಕಡೆ ಮೇಲಿನ ಎಡದಿಂದ ಶುರುವಾಗಿ ಗಡಿಯಾರದ ಮುಳ್ಳಿನಂತೆ ಸುತ್ತಬೇಕು. ಎರಡು ಮೂಲೆ ಅದಲುಬದಲಾದರೆ ಬೋರ್ಡು ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಳ್ಳುತ್ತದೆ. ಈ ತಪ್ಪು ಎಲ್ಲರೂ ಒಮ್ಮೆ ಮಾಡುವಂಥದ್ದು. ನೋಡಿದ ಕೂಡಲೇ ಗೊತ್ತಾಗುವುದರಿಂದ ಅಪಾಯಕಾರಿಯಲ್ಲ. ಮೂಲ ಚಿತ್ರದ ಅಗಲ ಎತ್ತರಗಳೂ ಬೋರ್ಡಿನಂತೆಯೇ ನಾಲ್ಕಕ್ಕೆ ಒಂದರ ಅನುಪಾತದಲ್ಲಿವೆ. ಇಲ್ಲದಿದ್ದರೆ ಅಕ್ಷರ ಉಬ್ಬುತ್ತದೆ ಅಥವಾ ಸೊರಗುತ್ತದೆ.

ಕೋಡ್ ಬರೆಯದವರಿಗೆ ಫೋಟೊಶಾಪ್‌ನಲ್ಲಿ 2005ರಿಂದ 'ವ್ಯಾನಿಶಿಂಗ್ ಪಾಯಿಂಟ್' ಹೆಸರಿನ ಫಿಲ್ಟರೇ ಇದೆ. ಗೋಡೆಯ ನಾಲ್ಕು ಮೂಲೆ ಒತ್ತಿದರೆ ಅದರ ಮೇಲೆ ಬಲೆ ಹರಡುತ್ತದೆ. ಮೂಲೆಗಳು ಹೊಂದಿದರೆ ಬಲೆಯ ಬಣ್ಣ ನೀಲಿ. ಹಳದಿ ಅಥವಾ ಕೆಂಪು ಬಂದರೆ ಲೆಕ್ಕ ಕೂಡುತ್ತಿಲ್ಲ ಎಂದರ್ಥ. ಆದರೆ ನೀಲಿ ಬಂದ ಮಾತ್ರಕ್ಕೆ ನಂಬುವಂತಿಲ್ಲ. ಬಲೆಯ ಗೆರೆಗಳು ಷಟರಿನ ಅಂಚು, ಸಜ್ಜಾ, ಕಿಟಕಿಗಳ ಜೊತೆ ಒಂದೇ ಓರೆಯಲ್ಲಿ ಓಡುತ್ತಿವೆಯೇ ಎಂದು ಕಣ್ಣಲ್ಲಿ ನೋಡಲೇಬೇಕು.

ಕಣ್ಣಿಗೆ ಸಿಗದೆ ಕಾಡುವುದು ಚಿಕ್ಕ ಗೆರೆಯಿಂದ ದೂರದ ಬಿಂದು ಹುಡುಕುವ ತಪ್ಪು. ಇದೇ ಗೋಡೆಯಲ್ಲಿ ದೂರದ ಮೇಲ್ಮೂಲೆಯನ್ನು ಗುರುತಿಸುವಾಗ ಮೌಸ್ ನಾಲ್ಕು ಪಿಕ್ಸೆಲ್ ಕೆಳಗೆ ಜಾರಿದರೆ ಕಣ್ಮರೆ ಬಿಂದು ಸುಮಾರು 16 ಪಿಕ್ಸೆಲ್ ಸರಿಯುತ್ತದೆ. ಅಷ್ಟು ಪರವಾಗಿಲ್ಲ. ಆದರೆ ಇಡೀ ಮೇಲಂಚಿನ ಬದಲು ಅದರ ಮೊದಲ 200 ಪಿಕ್ಸೆಲ್ ತುಂಡನ್ನಷ್ಟೇ ನಂಬಿ ಗೆರೆ ಎಳೆದು, ಅದೇ ನಾಲ್ಕು ಪಿಕ್ಸೆಲ್ ತಪ್ಪಿದರೆ ಬಿಂದು 60ಕ್ಕೂ ಹೆಚ್ಚು ಪಿಕ್ಸೆಲ್ ಓಡಿಹೋಗುತ್ತದೆ. ಮಲಗಿರುವ ಗೆರೆಗಳಲ್ಲಿ ಆದಷ್ಟು ಉದ್ದದವನ್ನೂ, ಒಂದಕ್ಕೊಂದು ಆದಷ್ಟು ದೂರ ಇರುವವನ್ನೂ ಆರಿಸಬೇಕು ಎನ್ನುವುದು ಇದಕ್ಕೇ. ಮೊಬೈಲಿನ 0.5x ಲೆನ್ಸಿನಲ್ಲಿ ತೆಗೆದ ಫೋಟೊದಲ್ಲಿ ಅಂಚಿನ ಗೆರೆಗಳು ಬಿಲ್ಲಿನಂತೆ ಬಾಗಿರಬಹುದು. ಬಾಗಿದ ಗೆರೆಗೆ ಈ ಗಣಿತ ನಡೆಯದು; ಮೊದಲು ಆ ಬಾಗು ತೆಗೆಯಬೇಕು, ಇಲ್ಲವೇ 1xನಲ್ಲಿ ಇನ್ನೊಂದು ಫೋಟೊ ತರಿಸಬೇಕು.

ಕ್ಯಾಮೆರಾವನ್ನು ಮೇಲಕ್ಕೆ ಎತ್ತಿ ತೆಗೆದಿದ್ದರೆ ನಿಂತ ಗೆರೆಗಳೂ ಆಕಾಶದಲ್ಲಿ ಎಲ್ಲೋ ಕೂಡಲು ಹೊರಡುತ್ತವೆ. ಅದು ಇನ್ನೊಂದು ಕಣ್ಮರೆ ಬಿಂದು. ನಾಲ್ಕು ಮೂಲೆಯ ಲೆಕ್ಕ ಅದನ್ನೂ ತಾನೇ ನುಂಗಿಕೊಳ್ಳುತ್ತದೆ. ಅದು ನುಂಗಲಾರದ್ದು ದಪ್ಪವನ್ನು. ಸೂತ್ರಕ್ಕೆ ಗೊತ್ತಿರುವುದು ಗೋಡೆಯ ಒಂದು ಸಮತಲ ಮಾತ್ರ. ಒಳಗೆ ದೀಪವಿರುವ ಗ್ಲೋಸೈನ್ ಡಬ್ಬಿ ಗೋಡೆಯಿಂದ ಅರ್ಧ ಅಡಿ ಮುಂದೆ ನಿಂತಿದ್ದರೆ ಅದರ ಮುಖ ಬೇರೆಯೇ ಸಮತಲ, ಪಕ್ಕದ ದಪ್ಪ ಮತ್ತೊಂದು. ಗೋಡೆಗೆ ಅಡ್ಡವಾಗಿ ರಸ್ತೆಯ ಕಡೆಗೆ ಚಾಚುವ ಬೋರ್ಡಿಗಂತೂ ಈ ಬಿಂದು ಉಪಯೋಗಕ್ಕೇ ಬಾರದು. ಫೋಟೊದ ಇನ್ನೊಂದು ಬದಿಯ ಕಣ್ಮರೆ ಬಿಂದು ಹುಡುಕಬೇಕು. ಗೋಡೆಯ ಮುಂದೆ ಹಾದುಹೋಗುವ ಕರೆಂಟು ತಂತಿ, ಕೇಬಲ್ಲು, ಹೊಂಗೆಯ ಕೊಂಬೆಗಳನ್ನು ಬಿಡಿಸಿ ಬೋರ್ಡಿನ ಮೇಲೆ ಮತ್ತೆ ಇಡುವುದು ಕೈಕೆಲಸವೇ.

ಕರ್ನಾಟಕದಲ್ಲಿ ಈ ಲೆಕ್ಕಕ್ಕೆ ಇನ್ನೊಂದು ಬಳಕೆಯೂ ಇದೆ. 2024ರ ತಿದ್ದುಪಡಿಯ ನಂತರ ಅಂಗಡಿಗಳ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು. ಮೇಲಿನ ಬೋರ್ಡನ್ನೇ ಅಡ್ಡಕ್ಕೆ ಪಾಲು ಮಾಡಿ, ಎಡದ ಶೇ 60 ಜಾಗ ಕನ್ನಡಕ್ಕೆ, ಬಲದ ಶೇ 40 ಇಂಗ್ಲಿಷಿಗೆ ಕೊಟ್ಟರೆ, ಈ ಫೋಟೊದಲ್ಲಿ ಕನ್ನಡ ಸುಮಾರು ಶೇ 69 ಜಾಗ ತುಂಬಿದಂತೆ ಕಾಣುತ್ತದೆ. ಪಾಲು ಅಷ್ಟೇ ಇಟ್ಟು ಕನ್ನಡವನ್ನು ದೂರದ ಬಲಕ್ಕೆ ಹಾಕಿದರೆ ಅದೇ ಕನ್ನಡ ಶೇ 50ಕ್ಕೆ ಇಳಿದಂತೆ ಕಾಣುತ್ತದೆ. ಕನ್ನಡ ಮೇಲೆ, ಇಂಗ್ಲಿಷ್ ಕೆಳಗೆ ಇದ್ದರೆ ಮಾತ್ರ 60 ಎಂಬುದು ಫೋಟೊದಲ್ಲೂ 60 ಆಗಿಯೇ ಉಳಿಯುತ್ತದೆ, ಅದೂ ಕ್ಯಾಮೆರಾವನ್ನು ಮೇಲೆತ್ತದೆ ಹಿಡಿದಿದ್ದರೆ. ಓರೆ ಫೋಟೊ ತೋರಿಸಿ ಯಾರಾದರೂ ತಕರಾರು ತೆಗೆದರೆ ಮೇಲಿನ ಕೋಡಿನಲ್ಲಿ `src` ಮತ್ತು `dst` ಅದಲುಬದಲು ಮಾಡಿ, `board` ಇದ್ದ ಕಡೆ ಫೋಟೊ ಕೊಟ್ಟು, ಕೊನೆಯ ಅಳತೆಯನ್ನು 1600, 400 ಎಂದು ಬದಲಿಸಿದರಾಯಿತು. ಬೋರ್ಡು ಎದುರಿನಿಂದ ಕಂಡಂತೆ ಚಪ್ಪಟೆಯಾಗಿ ಬಿಚ್ಚಿಕೊಳ್ಳುತ್ತದೆ, ಆಮೇಲೆ ಸ್ಕೇಲು ಇಟ್ಟು ಅಳೆಯಬಹುದು.