ಕಾಂಕ್ರೀಟು ಮಿಶ್ರಣದಲ್ಲಿ ನಿಜಗಾತ್ರದ ಲೆಕ್ಕ

ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ ಒಡೆದ ಜಲ್ಲಿಯನ್ನು ಅಂಚಿನವರೆಗೆ ತುಂಬಿದರೆ ಅದರ ತೂಕವು ಸುಮಾರು ೧೫೦೦ ಕಿಲೋಗ್ರಾಂ ಆಗುವುದು. ಅದೇ ಕಲ್ಲು ಸಂದಿಲ್ಲದ ಒಂದೇ ಬಂಡೆಯಾಗಿದ್ದರೆ ಆ ಪೆಟ್ಟಿಗೆಯಲ್ಲಿ ೨೬೫೦ ಕಿಲೋಗ್ರಾಂ ಹಿಡಿಯುತ್ತಿದ್ದಿತು. ಆದಕಾರಣ ಪೆಟ್ಟಿಗೆಯೊಳಗೆ ಕಲ್ಲು ಆಕ್ರಮಿಸಿರುವುದು ೧೦೦ರಲ್ಲಿ ೫೭ ಪಾಲು ಮಾತ್ರ. ಉಳಿದ ೪೩ ಪಾಲು ಬರಿಯ ಸಂದು. ಸಿಮೆಂಟು ಒಂದು, ಮರಳು ಎರಡು, ಜಲ್ಲಿ ನಾಲ್ಕು ಎಂದು ಪೆಟ್ಟಿಗೆಯಿಂದ ಅಳೆಯುವ ಹಳೆಯ ಪದ್ಧತಿಯು ಈ ಸಂದನ್ನೂ ಪದಾರ್ಥವೆಂದೇ ಎಣಿಸುತ್ತದೆ. ಜಲ್ಲಿಯ ಸಂದುಗಳಲ್ಲಿ ಮರಳೂ, ಮರಳಿನ ಸಂದುಗಳಲ್ಲಿ ಸಿಮೆಂಟು ಮತ್ತು ನೀರೂ ಸೇರಿಕೊಳ್ಳುವುದರಿಂದ, ಅಳೆದ ಏಳು ಪೆಟ್ಟಿಗೆಗಳಿಂದ ಏಳು ಪೆಟ್ಟಿಗೆ ಕಾಂಕ್ರೀಟು ದೊರೆಯುವುದಿಲ್ಲ. ಎಷ್ಟು ದೊರೆಯುವುದೆಂಬುದು ಆ ಅಳತೆಯಿಂದ ತಿಳಿಯುವುದೂ ಇಲ್ಲ.

ಈ ತೊಡಕನ್ನು ನಿಜಗಾತ್ರದ ಪದ್ಧತಿಯು ಪರಿಹರಿಸುತ್ತದೆ. ಒಂದು ಪದಾರ್ಥದ ಕಣಗಳು ತಮ್ಮ ನಡುವಣ ಸಂದುಗಳನ್ನು ಬಿಟ್ಟು ತಾವೇ ಆಕ್ರಮಿಸುವ ಸ್ಥಳವು ಅದರ ನಿಜಗಾತ್ರ. ಚೆನ್ನಾಗಿ ದಮ್ಮಸು ಮಾಡಿದ ಕಾಂಕ್ರೀಟಿನ ಗಾತ್ರವು ಅದರಲ್ಲಿರುವ ಸಿಮೆಂಟು, ನೀರು, ಮರಳು, ಜಲ್ಲಿಗಳ ನಿಜಗಾತ್ರಗಳಿಗೆ ಒಳಗೆ ಸಿಕ್ಕಿಕೊಂಡ ಅಲ್ಪ ಗಾಳಿಯನ್ನು ಕೂಡಿಸಿದಷ್ಟೇ ಆಗಿರುತ್ತದೆ. ತೂಕವನ್ನು ವಿಶಿಷ್ಟ ಗುರುತ್ವದಿಂದ ಭಾಗಿಸಿದರೆ ನಿಜಗಾತ್ರವು ದೊರೆಯುವುದು. ತೂಕವು ಕಿಲೋಗ್ರಾಮಿನಲ್ಲಿದ್ದರೆ ಉತ್ತರವು ಲೀಟರಿನಲ್ಲಿ ಬರುವುದು. ಲೆಕ್ಕದ ಸಾರವೆಲ್ಲವೂ ಇಷ್ಟೇ.

ಇದರಿಂದ ವಿಶಿಷ್ಟ ಗುರುತ್ವದ ಅಂಕೆಯೇ ಈ ಪದ್ಧತಿಯ ಜೀವಾಳವೆಂಬುದು ವೇದ್ಯವಾಗುತ್ತದೆ. ಜಲ್ಲಿಯ ಅಂಕೆಯನ್ನು ಪಡೆಯಲು, ಅದನ್ನು ಒಂದು ದಿನ ನೀರಿನಲ್ಲಿ ನೆನೆಸಿ, ಮೇಲಿನ ತೇವವನ್ನು ಮಾತ್ರ ಬಟ್ಟೆಯಿಂದ ಒರೆಸಿ ತೂಗಬೇಕು. ಅನಂತರ ತಂತಿಯ ಬುಟ್ಟಿಯಲ್ಲಿಟ್ಟು ನೀರಿನೊಳಗೆ ತೂಗಬೇಕು. ಹೊರಗೆ ೨೦೦೦ ಗ್ರಾಂ, ನೀರಿನಲ್ಲಿ ೧೨೪೫ ಗ್ರಾಂ ಬಂದರೆ ನಷ್ಟವಾದ ತೂಕ ೭೫೫ ಗ್ರಾಂ. ೨೦೦೦ವನ್ನು ೭೫೫ರಿಂದ ಭಾಗಿಸಲು ೨.೬೫ ಬರುವುದು. ಸಿಮೆಂಟು ನೀರಿನೊಡನೆ ವರ್ತಿಸುವ ಕಾರಣ ಅದನ್ನು ಸೀಮೆಎಣ್ಣೆಯಲ್ಲಿ ಪರೀಕ್ಷಿಸುತ್ತಾರೆ. ಸಾಧಾರಣ ಪೋರ್ಟ್‌ಲೆಂಡ್ ಸಿಮೆಂಟಿನ ಅಂಕೆ ೩.೧೫ರ ಸುಮಾರಿಗೆ ಇರುತ್ತದೆ. ಜಲ್ಲಿಯನ್ನು ನೆನೆಸಿ ಒರೆಸುವುದಕ್ಕೆ ಕಾರಣವುಂಟು. ಕಲ್ಲಿನ ಒಳರಂಧ್ರಗಳು ನೀರಿನಿಂದ ತುಂಬಿ, ಮೇಲ್ಮೈ ಮಾತ್ರ ಒಣಗಿರುವ ಸ್ಥಿತಿಯಲ್ಲಿ ಕಲ್ಲು ಮಿಶ್ರಣದ ನೀರನ್ನು ಹೀರುವುದೂ ಇಲ್ಲ, ಅದಕ್ಕೆ ನೀರನ್ನು ಕೂಡಿಸುವುದೂ ಇಲ್ಲ. ಮುಂದಿನ ಲೆಕ್ಕವೆಲ್ಲವೂ ಈ ಸ್ಥಿತಿಯನ್ನು ಆಧರಿಸಿದೆ.

ಈಗ ಒಂದು ಘನ ಮೀಟರು, ಎಂದರೆ ೧೦೦೦ ಲೀಟರು, ಕಾಂಕ್ರೀಟಿಗೆ ಲೆಕ್ಕವನ್ನು ಮಾಡಿ ನೋಡಬಹುದು. ಬೇಕಾದ ಬಲಕ್ಕೆ ನೀರು ಸಿಮೆಂಟಿನ ಅರ್ಧದಷ್ಟಿರಬೇಕೆಂದೂ, ಬೇಕಾದ ಮೃದುತ್ವಕ್ಕೆ ೧೭೫ ಕಿಲೋಗ್ರಾಂ ನೀರು ಸಾಕೆಂದೂ ನಿಶ್ಚಯಿಸಿದ್ದಾಗಿದೆ ಎಂದಿಟ್ಟುಕೊಳ್ಳೋಣ. ಹಾಗಾದರೆ ಸಿಮೆಂಟು ೩೫೦ ಕಿಲೋಗ್ರಾಂ. ಅದರ ನಿಜಗಾತ್ರ ೧೧೧ ಲೀಟರು. ನೀರಿನದು ೧೭೫ ಲೀಟರು. ೨೦ ಮಿಲಿಮೀಟರಿನ ಜಲ್ಲಿಯ ಕಾಂಕ್ರೀಟಿನಲ್ಲಿ ಸಿಕ್ಕಿಕೊಳ್ಳುವ ಗಾಳಿಯನ್ನು ೧೦೦ಕ್ಕೆ ಒಂದರಂತೆ ೧೦ ಲೀಟರೆಂದು ಎಣಿಸಬಹುದು. ಇವುಗಳ ಮೊತ್ತ ೨೯೬. ಉಳಿದ ೭೦೪ ಲೀಟರು ಮರಳು ಮತ್ತು ಜಲ್ಲಿಗಳಿಗೆ ಸೇರಿದ ಸ್ಥಳ. ಇದರಲ್ಲಿ ೧೦೦ಕ್ಕೆ ೬೨ ಪಾಲನ್ನು ಜಲ್ಲಿಗೆ ಕೊಟ್ಟರೆ ಜಲ್ಲಿ ೪೩೬ ಲೀಟರು, ಮರಳು ೨೬೮ ಲೀಟರು. ಜಲ್ಲಿಯ ಅಂಕೆ ೨.೬೫, ಮರಳಿನ ಅಂಕೆ ೨.೬೦ ಆಗಿರಲು, ಜಲ್ಲಿಯ ತೂಕ ೧೧೫೫ ಕಿಲೋಗ್ರಾಂ, ಮರಳಿನ ತೂಕ ೬೯೭ ಕಿಲೋಗ್ರಾಂ. ನಾಲ್ಕು ತೂಕಗಳೂ ಸೇರಿ ೨೩೭೭ ಕಿಲೋಗ್ರಾಂ.

ಆದರೆ ಕೆಲಸದ ಸ್ಥಳದಲ್ಲಿ ರಾಶಿಯಾಗಿ ಬಿದ್ದಿರುವ ಮರಳು ಒರೆಸಿದ ಸ್ಥಿತಿಯಲ್ಲಿ ಇರುವುದು ವಿರಳ. ಮರಳಿನ ಮೇಲೆ ೧೦೦ಕ್ಕೆ ೩ರಷ್ಟು ನೀರು ಅಂಟಿಕೊಂಡಿದೆಯೆಂದೂ, ಬಿಸಿಲಿನಲ್ಲಿ ಒಣಗಿದ ಜಲ್ಲಿಯು ೧೦೦ಕ್ಕೆ ಅರ್ಧದಷ್ಟು ನೀರನ್ನು ಹೀರಬಲ್ಲುದೆಂದೂ ಭಾವಿಸೋಣ. ಆಗ ಮರಳನ್ನು ೭೧೮, ಜಲ್ಲಿಯನ್ನು ೧೧೪೯ ಕಿಲೋಗ್ರಾಂ ತೂಗಬೇಕು. ಮರಳು ತಂದ ೨೧ನ್ನು ಕಳೆದು, ಜಲ್ಲಿ ಹೀರುವ ೬ನ್ನು ಕೂಡಿಸಿ, ನೀರನ್ನು ೧೬೦ ಕಿಲೋಗ್ರಾಂ ಮಾತ್ರ ಹಾಕಬೇಕು. ಒಟ್ಟು ತೂಕವು ಈಗಲೂ ೨೩೭೭ ಆಗಿಯೇ ಉಳಿಯುವುದು. ತಿದ್ದುಪಡಿ ಸರಿಯೆಂಬುದಕ್ಕೆ ಇದೇ ಗುರುತು. ಈ ತಿದ್ದುಪಡಿಯನ್ನು ಬಿಟ್ಟರೆ ನೀರು ೧೮೯ ಕಿಲೋಗ್ರಾಮಿಗೆ ಏರಿ, ನೀರು–ಸಿಮೆಂಟಿನ ಪ್ರಮಾಣವು ೦.೫೦ರಿಂದ ೦.೫೪ಕ್ಕೆ ಹೋಗುವುದು. ಈ ಪ್ರಮಾಣವು ಹೆಚ್ಚಿದಂತೆ ಬಲವು ಕುಗ್ಗುವುದೆಂದು ಡಫ್ ಏಬ್ರಮ್ಸ್ ಎಂಬವರು ೧೯೧೮ರಲ್ಲಿಯೇ ಚಿಕಾಗೋ ನಗರದಿಂದ ಪ್ರಕಟಿಸಿದ್ದರು.

ಎರಡನೆಯ ಅಪಾಯವು ಇನ್ನೂ ಮರೆಯಾದದ್ದು. ಹಳೆಯ ಮೈಸೂರು ಸೀಮೆಯ ಗ್ರಾನೈಟು ಮತ್ತು ನೈಸ್ ಕಲ್ಲುಗಳ ಅಂಕೆ ೨.೬೫ರ ಆಸುಪಾಸಿನಲ್ಲಿದ್ದರೆ, ವಿಜಾಪುರ, ಕಲಬುರಗಿಗಳ ಕಡೆಯ ಗಟ್ಟಿಯಾದ ಬಸಾಲ್ಟು ಕಲ್ಲಿನದು ೨.೮೫ನ್ನು ಮುಟ್ಟಬಹುದು. ಗ್ರಾನೈಟಿಗೆಂದು ಬರೆದ ತೂಕದ ಪಟ್ಟಿಯನ್ನು ಬಸಾಲ್ಟು ದೊರೆಯುವಲ್ಲಿ ಹಾಗೆಯೇ ಬಳಸಿದರೆ ಏನಾಗುವುದು? ೧೧೫೫ ಕಿಲೋಗ್ರಾಂ ಬಸಾಲ್ಟು ಆಕ್ರಮಿಸುವುದು ೪೦೫ ಲೀಟರು ಮಾತ್ರ. ತೂಕಗಳಲ್ಲಿ ಒಂದೂ ತಪ್ಪಿಲ್ಲ. ಆದರೂ ಕಾಂಕ್ರೀಟು ೧೦೦೦ಕ್ಕೆ ಬದಲು ೯೬೯ ಲೀಟರು ಬರುವುದು. ೧೦೦ ಘನ ಮೀಟರಿನ ಕೆಲಸಕ್ಕೆ ಇಂಥ ೧೦೩ಕ್ಕೂ ಮಿಕ್ಕಿದ ಮಿಶ್ರಣಗಳು ಬೇಕಾಗಿ, ೫೦ ಕಿಲೋಗ್ರಾಮಿನ ಸುಮಾರು ೨೨ ಚೀಲ ಸಿಮೆಂಟು ಅಂದಾಜನ್ನು ಮೀರಿ ಖರ್ಚಾಗುವುದು. ಮಾಡಬೇಕಾದದ್ದು ಇಷ್ಟೇ: ಜಲ್ಲಿಯ ಸ್ಥಳವನ್ನು ೪೩೬ ಲೀಟರಾಗಿಯೇ ಉಳಿಸಿಕೊಂಡು, ಅದನ್ನು ೨.೮೫ರಿಂದ ಗುಣಿಸಿ ೧೨೪೩ ಕಿಲೋಗ್ರಾಂ ತೂಗುವುದು. ಬದಲಾಗಬೇಕಾದದ್ದು ತೂಕವೇ ಹೊರತು ಗಾತ್ರವಲ್ಲ.

ಇಂಥ ವ್ಯತ್ಯಾಸವನ್ನು ಸ್ಥಳದಲ್ಲಿಯೇ ಕಂಡುಹಿಡಿಯುವ ಉಪಾಯವು ಸುಲಭವಾದದ್ದು. ಗಾತ್ರ ತಿಳಿದ ೧೦ ಲೀಟರಿನ ಪಾತ್ರೆಯಲ್ಲಿ ಹಸಿ ಕಾಂಕ್ರೀಟನ್ನು ದಮ್ಮಸು ಮಾಡಿ ತುಂಬಿ, ಅಂಚಿಗೆ ಸಮಮಾಡಿ ತೂಗಬೇಕು. ಪಾತ್ರೆಯ ತೂಕವನ್ನು ಕಳೆದ ಮೇಲೆ ೨೩.೮ ಕಿಲೋಗ್ರಾಮಿನ ಸುಮಾರಿಗೆ ಬಂದರೆ ಲೆಕ್ಕವು ಸರಿ. ೨೪.೫ ಬಂದರೆ ಕಲ್ಲು ಎಣಿಸಿದ್ದಕ್ಕಿಂತ ಭಾರವಾದುದೆಂದು ಶಂಕಿಸಬೇಕು. ೨೩.೩ಕ್ಕೆ ಇಳಿದರೆ ನೀರೋ ಗಾಳಿಯೋ ಹೆಚ್ಚಾಗಿರುವ ಸಂಭವವುಂಟು. ಶಂಕುವಿನ ಪರೀಕ್ಷೆಯಲ್ಲಿ ಕಾಂಕ್ರೀಟು ಎಂದಿಗಿಂತ ಹೆಚ್ಚಾಗಿ ಕುಸಿದರೆ ಮೊದಲು ನೀರನ್ನೂ, ಕುಸಿತವು ಎಂದಿನಂತಿದ್ದರೆ ಗಾಳಿಯನ್ನೂ ಪರಿಶೀಲಿಸತಕ್ಕದ್ದು. ಮಿಶ್ರಣದ ಒಟ್ಟು ತೂಕವನ್ನು ಹೀಗೆ ಕಂಡುಬಂದ ಒಂದು ಲೀಟರಿನ ತೂಕದಿಂದ ಭಾಗಿಸಿದರೆ, ನಿಜವಾಗಿ ಎಷ್ಟು ಲೀಟರು ಕಾಂಕ್ರೀಟು ದೊರೆಯಿತೆಂಬುದೂ ತಿಳಿಯುವುದು.

ಈ ಲೆಕ್ಕಕ್ಕೆ ಒಂದು ಮಿತಿಯುಂಟು. ನಾಲ್ಕು ಪದಾರ್ಥಗಳೂ ಗಾಳಿಯೂ ಸೇರಿ ಒಂದು ಘನ ಮೀಟರನ್ನು ತುಂಬುವುದೆಂದು ಅದು ಹೇಳಬಲ್ಲುದು. ಕಾಂಕ್ರೀಟು ಅಚ್ಚಿನ ಮೂಲೆಗಳಿಗೆ ಹರಿಯುವುದೆಂದಾಗಲಿ, ೨೮ ದಿನಗಳಲ್ಲಿ ಬೇಕಾದ ಬಲವನ್ನು ತಾಳುವುದೆಂದಾಗಲಿ ಹೇಳಲಾರದು. ಅವುಗಳನ್ನು ಪ್ರಯೋಗದ ಮಿಶ್ರಣವೇ ನಿರ್ಣಯಿಸಬೇಕು. ಆ ಪ್ರಯೋಗದಲ್ಲಿ ಮರಳಿನ ಪಾಲನ್ನಾಗಲಿ ನೀರನ್ನಾಗಲಿ ಬದಲಾಯಿಸಿದಾಗ, ನಿಜಗಾತ್ರಗಳ ಮೊತ್ತವನ್ನು ಮತ್ತೆ ೧೦೦೦ ಲೀಟರಿಗೆ ತಂದು ನಿಲ್ಲಿಸಿದ ಬಳಿಕವೇ ಹೊಸ ತೂಕಗಳನ್ನು ಪಟ್ಟಿಗೆ ಏರಿಸತಕ್ಕದ್ದು.